ಹಿಸ್ಟರಿ ಇಷ್ಟ, ಕೆಲಸದ ಭಯ: ಬಿಎ ಸೇರೋದಾ, ಬಿಎಸ್ಸಿ ಸೇರೋದಾ?

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳಿಸುತ್ತವೆ. ರಾಯಚೂರು ಪಕ್ಕದಲ್ಲೇ ಇದೆ. ಕೃಷ್ಣಾ ಮಂಡಲದ ಊರುಗಳಲ್ಲಿ ಇವತ್ತಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅಲ್ಲಿನ ಮನೆಗಳಲ್ಲಿ ಇಂಟರ್ (ನಮ್ಮ ಕಡೆಯ ಪಿಯುಸಿ) ರಿಸಲ್ಟ್ ಬಂದ ವಾರ ನಡೆಯುವ ಮಾತು, ಕರಾವಳಿಯ ನಮ್ಮ ಮನೆಗಳಲ್ಲಿ ನಡೆಯುವ ಮಾತಿಗಿಂತ ಬೇರೆ ಏನಲ್ಲ. ಮಗಳಿಗೆ ಹಿಸ್ಟರಿ ಅಂದರೆ ಪ್ರಾಣ. ಆದರೆ ಓದಿದ್ದು ಎಂಪಿಸಿ, ಅಂದರೆ ಮ್ಯಾಥ್ಸ್, ಫಿಸಿಕ್ಸ್, ಕೆಮಿಸ್ಟ್ರಿ. ಇಂಜಿನಿಯರಿಂಗ್‌ಗೆ ರ‍್ಯಾಂಕ್ ಬರಲಿಲ್ಲ, ಅಥವಾ ಆಸಕ್ತಿಯೇ ಇಲ್ಲ. ಆಗ ಮನೆಯವರು ಹೇಳೋದು: "ಬಿಎ ಮಾಡಿದರೆ ಯಾರು ಕೆಲಸ ಕೊಡ್ತಾರೆ? ಸುಮ್ಮನೆ ಬಿಎಸ್ಸಿ ಸೇರು, ಸೈನ್ಸ್ ಅಂದರೆ ಸೈನ್ಸೇ."

ಈ ಮಾತಿನಲ್ಲಿ ಒಂದು ಗೊಂದಲ ಇದೆ. ಸೈನ್ಸ್ ಓದಿದರೆ ಕೆಲಸ ಸಿಗುತ್ತದೆ ಅಂತ ನಾವು ಹೇಳುವಾಗ ಮನಸ್ಸಿನಲ್ಲಿ ಇರೋದು ಡಾಕ್ಟರು, ಇಂಜಿನಿಯರು, ನರ್ಸಿಂಗ್, ಫಾರ್ಮಸಿ. ಅವು ಕೆಲಸದ ಹೆಸರು ಹೊತ್ತ ಕೋರ್ಸುಗಳು. ಸಾದಾ ಬಿಎಸ್ಸಿ ಹಾಗಲ್ಲ. ಮೂರು ವರ್ಷ ಫಿಸಿಕ್ಸ್, ಕೆಮಿಸ್ಟ್ರಿ ಓದಿದವರಿಗೆ ಲ್ಯಾಬ್ ಟೆಕ್ನೀಷಿಯನ್ ಕೆಲಸ ಬೇಕಾದರೂ ಬೇರೆ ಡಿಪ್ಲೊಮಾ ಕೇಳುತ್ತಾರೆ. ಹಾಗಾಗಿ ಕೆಲಸದ ಲೆಕ್ಕದಲ್ಲಿ ಸಾದಾ ಬಿಎಸ್ಸಿಯನ್ನು ಇಂಜಿನಿಯರಿಂಗ್ ಪಕ್ಕ ಇಡೋದಕ್ಕಿಂತ ಬಿಎ ಪಕ್ಕ ಇಡೋದೇ ಸರಿ. ಎರಡೂ ಅರ್ಧ ದಾರಿಯ ಡಿಗ್ರಿಗಳು. ಮುಂದಿನ ಅರ್ಧ ಯಾವುದು ಅಂತ ಗೊತ್ತಾದ ಮೇಲೆ ಮಾತ್ರ ಮೊದಲರ್ಧ ಆರಿಸಬಹುದು.

ಹಾಗಂತ ಬಿಎಸ್ಸಿಗೆ ಬೆಲೆಯೇ ಇಲ್ಲ ಅಂತ ಅಲ್ಲ. ಪಾಲಮೂರು ಭಾಗದಲ್ಲಿ ಅದಕ್ಕೆ ಒಂದು ನಿಜವಾದ ಮಾರ್ಕೆಟ್ ಇದೆ. ಮಹಬೂಬ್‌ನಗರದ ಆಚೆ ಜಡ್ಚರ್ಲ ಹತ್ತಿರ ಪೋಲೇಪಲ್ಲಿಯ ವಿಶೇಷ ಆರ್ಥಿಕ ವಲಯದಲ್ಲಿ ಔಷಧ ಕಂಪೆನಿಗಳ ಫ್ಯಾಕ್ಟರಿಗಳಿವೆ. ಕೆಮಿಸ್ಟ್ರಿ ಇರುವ ಬಿಎಸ್ಸಿ ಮುಗಿಸಿದವರನ್ನು ಇಂಥ ಕಡೆ ಪ್ರೊಡಕ್ಷನ್ ಮತ್ತು ಕ್ವಾಲಿಟಿ ವಿಭಾಗಕ್ಕೆ ಟ್ರೇನಿಯಾಗಿ ತಗೊಳ್ಳುತ್ತಾರೆ. ಶಿಫ್ಟ್ ಕೆಲಸ, ಶುರುವಿನ ಸಂಬಳ ಕಡಿಮೆ, ಮೇಲೆ ಹೋಗಬೇಕಾದರೆ ಎಂಎಸ್ಸಿ ಬೇಕು. ಆದರೂ 21ನೇ ವಯಸ್ಸಿಗೆ ಕೈಗೆ ಸಂಬಳ ಬರುತ್ತದೆ. ಮನೆಗೆ ತಕ್ಷಣ ದುಡ್ಡು ಬೇಕು ಅನ್ನುವ ಪರಿಸ್ಥಿತಿಯಲ್ಲಿ ಇದು ಸಣ್ಣ ಮಾತಲ್ಲ. ಬಿಎಗೆ ಇಂಥ ಒಂದು ಫ್ಯಾಕ್ಟರಿ ಗೇಟು ಇಲ್ಲ. ಇದನ್ನು ಮುಚ್ಚಿಟ್ಟು ಮಕ್ಕಳಿಗೆ "ಇಷ್ಟ ಬಂದದ್ದು ಓದು" ಅನ್ನೋದು ಮೋಸ.

ಈಗ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮಕ್ತಲ್‌ನ ಒಬ್ಬ ಹುಡುಗಿ. ಇಂಟರ್ ಎಂಪಿಸಿಯಲ್ಲಿ ಒಟ್ಟು ಮಾರ್ಕ್ಸ್ ಚೆನ್ನಾಗಿದೆ, ಆದರೆ ಲ್ಯಾಂಗ್ವೇಜ್‌ನಿಂದ ಎದ್ದು ಬಂದ ಮಾರ್ಕ್ಸ್ ಅದು. ಎರಡನೇ ವರ್ಷದ ಮ್ಯಾಥ್ಸ್, ಫಿಸಿಕ್ಸ್ ಹೇಗೋ ಪಾಸು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಅಬ್ಬಾಗೆ ಸಣ್ಣ ಅಂಗಡಿ. ಆಕೆಯ ಆಸೆ ಟೀಚರ್ ಆಗೋದು ಅಥವಾ ಗ್ರೂಪ್ಸ್ ಪರೀಕ್ಷೆ ಬರೆಯೋದು. ಇದು ಈ ಭಾಗದ ಸಾಮಾನ್ಯ ಚಿತ್ರ.

ಮೊದಲು ಟೀಚರ್ ದಾರಿ. ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ನಿಯಮ ಇದೆ, ಎಲ್ಲ ತೀರ್ಮಾನವೂ ಅದರ ಮೇಲೆ ನಿಂತಿದೆ. ಸರ್ಕಾರಿ ಹೈಸ್ಕೂಲಿನಲ್ಲಿ ಸೋಶಿಯಲ್ ಸ್ಟಡೀಸ್ ಕಲಿಸುವ ಸ್ಕೂಲ್ ಅಸಿಸ್ಟೆಂಟ್ ಆಗಬೇಕಾದರೆ ಬಿಎಡ್ ಒಂದೇ ಸಾಲದು. ಡಿಗ್ರಿಯಲ್ಲಿ ಹಿಸ್ಟರಿ, ಎಕನಾಮಿಕ್ಸ್, ಜಿಯಾಗ್ರಫಿ, ಪೊಲಿಟಿಕಲ್ ಸೈನ್ಸ್ ಈ ಥರದ ಸಮಾಜ ವಿಷಯಗಳಲ್ಲಿ ಎರಡನ್ನು ಓದಿರಬೇಕು. ಕೇಂದ್ರೀಯ ವಿದ್ಯಾಲಯದವರು ಇನ್ನೂ ಸ್ವಲ್ಪ ಬಿಗಿ: ಹಿಸ್ಟರಿ, ಜಿಯಾಗ್ರಫಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್‌ನಲ್ಲಿ ಎರಡು ಬೇಕು, ಅದರಲ್ಲಿ ಒಂದು ಹಿಸ್ಟರಿ ಅಥವಾ ಜಿಯಾಗ್ರಫಿಯೇ ಆಗಿರಬೇಕು. ಅಂದರೆ ಮೂರು ವರ್ಷ ಬಿಎಸ್ಸಿ ಮಾಡಿದವಳು ನಂತರ ಎಷ್ಟೇ ಹಿಸ್ಟರಿ ಓದಲಿ, ಹೈಸ್ಕೂಲಿನ ಹಿಸ್ಟರಿ ಟೀಚರ್ ಹುದ್ದೆಗೆ ಅವಳ ಡಿಗ್ರಿ ಅಡ್ಡ ಬರುತ್ತದೆ. ಅವಳಿಗೆ ಮ್ಯಾಥ್ಸ್ ಅಥವಾ ಸೈನ್ಸ್ ಟೀಚರ್ ದಾರಿ ಮಾತ್ರ.

ಆದರೆ ಅದೇ ಬಿಎಸ್ಸಿಯವಳು ಎಂಎ ಹಿಸ್ಟರಿ ಸೇರಬಹುದು. ತೆಲಂಗಾಣದ ಯೂನಿವರ್ಸಿಟಿಗಳಿಗೆ ಸೇರಲು ಸಿಪಿಗೆಟ್ ಅನ್ನುವ ಒಂದೇ ಪ್ರವೇಶ ಪರೀಕ್ಷೆ ಇದೆ, ಸಮಾಜ ವಿಷಯಗಳ ಎಂಎಗೆ ಯಾವ ಡಿಗ್ರಿಯವರೂ ಬರೆಯಬಹುದು. ಎಂಎ ಆದಮೇಲೆ ಜೂನಿಯರ್ ಕಾಲೇಜಿನ ಹಿಸ್ಟರಿ ಲೆಕ್ಚರರ್ ಹುದ್ದೆಗೆ ನೋಡೋದು ಆ ವಿಷಯದ ಪಿಜಿ. ನೆಟ್ ಪಾಸಾದರೆ ಡಿಗ್ರಿ ಕಾಲೇಜು. ಜೆಆರ್‌ಎಫ್ ಸಿಕ್ಕರೆ ಪಿಎಚ್‌ಡಿ ಮಾಡುವಾಗ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಹೀಗೆ ನೋಡಿದರೆ ವಿಚಿತ್ರ ಅನಿಸುತ್ತದೆ: ಬಿಎಸ್ಸಿ ಮಾಡಿದವಳು ಕಾಲೇಜಿನಲ್ಲಿ ಹಿಸ್ಟರಿ ಕಲಿಸಬಹುದು, ಎಂಟನೇ ಕ್ಲಾಸಿಗೆ ಕಲಿಸಲು ಆಗಲ್ಲ. ಬಿಎ ಮಾಡಿದವಳಿಗೆ ಎರಡೂ ಬಾಗಿಲು ತೆರೆದಿರುತ್ತವೆ, ಆದರೆ ಎಂಎಸ್ಸಿ ಕೆಮಿಸ್ಟ್ರಿ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ.

ಆಕೆಯ ಲೆಕ್ಕ ಹಾಕೋಣ. ಬಿಎ ಮೂರು ವರ್ಷ, ಎಡ್‌ಸೆಟ್ ಬರೆದು ಬಿಎಡ್ ಎರಡು ವರ್ಷ, ಒಟ್ಟು ಐದು. ಹದಿನೆಂಟಕ್ಕೆ ಶುರು ಮಾಡಿದರೆ ಇಪ್ಪತ್ತಮೂರಕ್ಕೆ ಮುಗಿಯುತ್ತದೆ. ಬಿಎಡ್‌ಗೆ ಸೇರಲು ಡಿಗ್ರಿಯಲ್ಲಿ ಶೇ.50 ಬೇಕು, ಮೀಸಲಾತಿ ಇದ್ದವರಿಗೆ ಶೇ.40. ನಂತರ ಟೆಟ್. ಅದರ ಎರಡನೇ ಪೇಪರ್ 150 ಮಾರ್ಕಿನದ್ದು: ಮಕ್ಕಳ ಮನಶ್ಶಾಸ್ತ್ರಕ್ಕೆ 30, ಮೊದಲ ಭಾಷೆಗೆ 30, ಇಂಗ್ಲಿಷಿಗೆ 30, ಸೋಶಿಯಲ್‌ಗೆ 60. ಮೊದಲ ಭಾಷೆಯಾಗಿ ಕನ್ನಡವನ್ನೂ ಉರ್ದುವನ್ನೂ ಆರಿಸಿಕೊಳ್ಳಬಹುದು. ಮಕ್ತಲ್, ಕೃಷ್ಣಾ ಕಡೆಯ ಮಕ್ಕಳಿಗೆ ಇದು ಸುಲಭದ 30 ಮಾರ್ಕು. ಪಾಸಾಗಲು ಜನರಲ್‌ನವರಿಗೆ 90, ಬಿಸಿ ವರ್ಗಕ್ಕೆ 75. ಒಮ್ಮೆ ಪಾಸಾದರೆ ಜೀವಮಾನ ಪೂರ್ತಿ ನಡೆಯುತ್ತದೆ. ಕೊನೆಗೆ ಡಿಎಸ್‌ಸಿ: ಪರೀಕ್ಷೆಗೆ 80, ಟೆಟ್ ಮಾರ್ಕಿನಿಂದ 20. ಹಾಗಾಗಿ ಟೆಟ್‌ನಲ್ಲಿ ಬರೀ ಪಾಸಾದರೆ ಸಾಲದು.

ಎಡವಟ್ಟು ಆಗೋದು ಮುಂದೆ. ಡಿಎಸ್‌ಸಿ ಪ್ರತಿ ವರ್ಷ ಬರಲ್ಲ. ತೆಲಂಗಾಣದಲ್ಲಿ 2017ರಲ್ಲಿ ಟೀಚರ್ ನೇಮಕದ ನೋಟಿಫಿಕೇಶನ್ ಬಂದಿತ್ತು. 2023ರಲ್ಲಿ ಬಂದದ್ದನ್ನು ರದ್ದು ಮಾಡಿ 2024ರಲ್ಲಿ 11,062 ಹುದ್ದೆಗಳಿಗೆ ಹೊಸದಾಗಿ ಕರೆದರು. ಆ ಸಲ ಅಕ್ಟೋಬರ್‌ನಲ್ಲೇ ನೇಮಕದ ಪತ್ರ ಕೊಟ್ಟಿದ್ದು ನಿಜ, ಆದರೆ ನಡುವಿನ ವರ್ಷಗಳಲ್ಲಿ ಬಿಎಡ್ ಮುಗಿಸಿದವರು ಖಾಸಗಿ ಶಾಲೆಯ ಸಂಬಳದಲ್ಲಿ ಕಾಯ್ದರು. ಈ ಕಾಯುವಿಕೆಯಲ್ಲಿ ಬಿಎಸ್ಸಿಯವರು ಸ್ವಲ್ಪ ಮೇಲು ಅಂತ ಒಪ್ಪಿಕೊಳ್ಳಬೇಕು. ಮ್ಯಾಥ್ಸ್ ಟೀಚರಿಗೆ ಖಾಸಗಿ ಶಾಲೆಯಲ್ಲಿ ಬೇಡಿಕೆ ಜಾಸ್ತಿ, ಸಾಯಂಕಾಲ ಟ್ಯೂಷನ್ ಬೇರೆ. ಸೋಶಿಯಲ್ ಟ್ಯೂಷನ್‌ಗೆ ಯಾರೂ ಮಕ್ಕಳನ್ನು ಕಳಿಸಲ್ಲ. ಕಾಯುವ ವರ್ಷಗಳಲ್ಲಿ ಗುರುಕುಲ ಶಾಲೆಗಳ ನೇಮಕದ ಕಡೆಯೂ ಕಣ್ಣಿಡಬೇಕು. ಅಲ್ಪಸಂಖ್ಯಾತರ ವಸತಿ ಶಾಲೆಗಳೂ ಸೇರಿದಂತೆ ಈ ಶಾಲೆಗಳಿಗೆ ಪ್ರತ್ಯೇಕ ಬೋರ್ಡ್ ಇದೆ, 2023ರಲ್ಲಿ ಅದು ಒಂದೇ ಸಲಕ್ಕೆ 9 ಸಾವಿರಕ್ಕೂ ಹೆಚ್ಚು ಹುದ್ದೆಗಳಿಗೆ ಕರೆದಿತ್ತು.

ಇನ್ನು ಗ್ರೂಪ್ಸ್ ದಾರಿ. ಗ್ರೂಪ್-1, ಗ್ರೂಪ್-2ಗೆ ಯಾವ ಡಿಗ್ರಿಯಾದರೂ ಆಗುತ್ತದೆ. ಹಾಗಾದರೆ ಬಿಎಸ್ಸಿ ಮಾಡಿಯೇ ಬರೆಯಬಹುದಲ್ಲ ಅಂತ ಕೇಳಬಹುದು. ಬರೆಯಬಹುದು. ಆದರೆ ಗ್ರೂಪ್-2ರ ಪೇಪರುಗಳನ್ನು ಬಿಡಿಸಿ ನೋಡಿ. ನಾಲ್ಕು ಪೇಪರ್, ತಲಾ 150, ಒಟ್ಟು 600. ಮೊದಲನೆಯದು ಜನರಲ್ ಸ್ಟಡೀಸ್. ಎರಡನೆಯದರಲ್ಲಿ ಭಾರತ ಮತ್ತು ತೆಲಂಗಾಣದ ಇತಿಹಾಸಕ್ಕೆ 50, ಸಂವಿಧಾನ ಮತ್ತು ರಾಜಕೀಯಕ್ಕೆ 50, ಸಮಾಜಕ್ಕೆ 50. ಮೂರನೆಯದು ಪೂರ್ತಿ ಅರ್ಥವ್ಯವಸ್ಥೆ. ನಾಲ್ಕನೆಯದು ಪೂರ್ತಿ ತೆಲಂಗಾಣ ಚಳವಳಿ ಮತ್ತು ರಾಜ್ಯ ರಚನೆ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್ ತಗೊಂಡು ಬಿಎ ಮಾಡಿದವಳಿಗೆ 600ರಲ್ಲಿ 450 ಮಾರ್ಕು ತಾನು ಮೂರು ವರ್ಷ ಓದಿದ ವಿಷಯಗಳ ಸುತ್ತಲೇ ಇರುತ್ತದೆ. ಬಿಎಸ್ಸಿಯವಳು ಅದನ್ನೆಲ್ಲ ಡಿಗ್ರಿ ಮುಗಿದ ಮೇಲೆ ಹೊಸದಾಗಿ ಶುರು ಮಾಡಬೇಕು. ಕಡಿಮೆಯೆಂದರೂ ಒಂದು ವರ್ಷದ ಓದು, ಜೊತೆಗೆ ಹೈದರಾಬಾದಿನಲ್ಲಿ ರೂಮು, ಊಟ, ಕೋಚಿಂಗ್ ಖರ್ಚು.

ಅದಕ್ಕೆ ಎದುರಾಗಿ ಇನ್ನೊಂದು ಲೆಕ್ಕವೂ ಇದೆ. 2022ರ ಡಿಸೆಂಬರ್‌ನಲ್ಲಿ ಬಂದ ಗ್ರೂಪ್-2 ನೋಟಿಫಿಕೇಶನ್‌ನಲ್ಲಿ ಇದ್ದದ್ದು 783 ಹುದ್ದೆ. ಅರ್ಜಿ ಹಾಕಿದವರು ಐದೂವರೆ ಲಕ್ಷ. ಮುಂದೂಡಿ ಮುಂದೂಡಿ ಪರೀಕ್ಷೆ ನಡೆದದ್ದು 2024ರ ಡಿಸೆಂಬರ್‌ನಲ್ಲಿ. ಅರ್ಜಿ ಹಾಕಿದವರಲ್ಲಿ ಅರ್ಧದಷ್ಟು ಮಂದಿ ಹಾಲ್‌ಗೇ ಬರಲಿಲ್ಲ ಅಂತ ಇಟ್ಟುಕೊಂಡರೂ, ಒಂದು ಹುದ್ದೆಗೆ ನೂರಾರು ಮಂದಿ. ಬಿಎ ಮಾಡಿದರೆ ಗ್ರೂಪ್ಸ್ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮತ್ತೆ, ಪರೀಕ್ಷೆ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ, ಗ್ರೂಪ್-1 ಮೇನ್ಸ್ ಅನ್ನು ಉರ್ದುವಿನಲ್ಲೂ ಬರೆಯಬಹುದು, ಆದರೆ ಕನ್ನಡದಲ್ಲಿ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಡಿಗ್ರಿಯ ಮೂರು ವರ್ಷದಲ್ಲೇ ತೆಲುಗು ಅಥವಾ ಇಂಗ್ಲಿಷಿನಲ್ಲಿ ಬರೆಯೋದನ್ನು ಗಟ್ಟಿ ಮಾಡಿಕೊಳ್ಳಬೇಕು.

ರಾಯಚೂರಿಗೆ ಹೋಗಿ ಡಿಗ್ರಿ ಓದಿದರೆ ತೆಲಂಗಾಣದ ಕೆಲಸಕ್ಕೆ "ಲೋಕಲ್" ಅಲ್ಲ ಅಂತ ಆಗುತ್ತದಾ ಅನ್ನೋ ಭಯ ಈ ಕಡೆ ತುಂಬಾ ಇದೆ. 2018ರ ರಾಷ್ಟ್ರಪತಿ ಆದೇಶದ ಪ್ರಕಾರ ಸರ್ಕಾರಿ ನೇಮಕದಲ್ಲಿ ಶೇ.95 ಹುದ್ದೆ ಲೋಕಲ್‌ನವರಿಗೆ, ಆದರೆ ಲೋಕಲ್ ಅಂತ ನೋಡೋದು 1ರಿಂದ 7ನೇ ತರಗತಿವರೆಗೆ ಹೆಚ್ಚು ವರ್ಷ ಎಲ್ಲಿ ಓದಿದ್ದು ಅನ್ನೋದನ್ನು. ಡಿಗ್ರಿ ಎಲ್ಲಿ ಮಾಡಿದ್ದು ಅನ್ನೋದು ಈ ಲೆಕ್ಕಕ್ಕೆ ಬರಲ್ಲ. ನಿಜವಾದ ಪೆಟ್ಟು ಬೀಳೋದು ಸಣ್ಣ ವಯಸ್ಸಿನಲ್ಲಿ ರಾಯಚೂರು, ಯಾದಗಿರಿಯ ನೆಂಟರ ಮನೆಯಲ್ಲಿ ಪ್ರೈಮರಿ ಶಾಲೆ ಓದಿದ ಮಕ್ಕಳಿಗೆ. ಅವರು ಶಾಲೆಯ ಬೋನಫೈಡ್ ಸರ್ಟಿಫಿಕೇಟುಗಳನ್ನು ಈಗಲೇ ತೆಗೆದು ನೋಡಿ, ತಾವು ಯಾವ ಜಿಲ್ಲೆಗೆ ಲೋಕಲ್ ಅಂತ ತಿಳಿದುಕೊಂಡೇ ಟೀಚರ್ ದಾರಿಗೆ ಕಾಲಿಡಬೇಕು. ಯಾಕೆಂದರೆ ಸ್ಕೂಲ್ ಅಸಿಸ್ಟೆಂಟ್ ಹುದ್ದೆ ಜಿಲ್ಲಾ ಮಟ್ಟದ್ದು.

ಹಿಸ್ಟರಿಯನ್ನೇ ಕೆಲಸ ಮಾಡಿಕೊಳ್ಳುವ ಮೂರನೇ ದಾರಿ ಕಿರಿದಾದದ್ದು. ಆದರೆ ಈ ಭಾಗದಲ್ಲಿ ಅದನ್ನು ಹೇಳದೆ ಇರೋಕೆ ಆಗಲ್ಲ. ಕೃಷ್ಣಾ ನದಿ ದಡದ ಮುಡುಮಾಲ್‌ನಲ್ಲಿ ಸಾವಿರಾರು ವರ್ಷ ಹಿಂದಿನ ಜನ ನಿಲ್ಲಿಸಿದ ಕಲ್ಲುಗಳಿವೆ, ಒಂದು ಕಲ್ಲಿನ ಮೇಲೆ ಸಪ್ತರ್ಷಿ ಮಂಡಲದ ಹಾಗೆ ಕುಳಿ ಕೊರೆದಿದ್ದಾರೆ. 2025ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಗದ್ವಾಲ್ ಜಿಲ್ಲೆಯ ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ಗದ್ವಾಲ್ ಪಟ್ಟಣವೇ ನಿಜಾಮರ ಕೈಕೆಳಗಿನ ಒಂದು ಸಂಸ್ಥಾನದ ಕೋಟೆ. ಇಲ್ಲಿನ ಸರ್ಕಾರಿ ಡಿಗ್ರಿ ಕಾಲೇಜಿನ ಹೆಸರೂ ಆ ಸಂಸ್ಥಾನದ ಮಹಾರಾಣಿ ಆದಿಲಕ್ಷ್ಮಿ ದೇವಮ್ಮ ಅವರದ್ದು.

ಇಂಥದ್ದನ್ನು ಓದುವ, ಕಾಯುವ ಕೆಲಸಗಳು ಪುರಾತತ್ವ ಇಲಾಖೆಯಲ್ಲಿವೆ, ಆದರೆ ಬೆರಳೆಣಿಕೆ. ಅಲ್ಲಿ ಡಿಗ್ರಿಗಿಂತ ಭಾಷೆ ದೊಡ್ಡದು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಸಂಸ್ಕೃತ ಮತ್ತು ದ್ರಾವಿಡ ಭಾಷೆಗಳಿಗೆ ಮೈಸೂರಿನಲ್ಲಿದೆ, ಅರಬಿ ಮತ್ತು ಪರ್ಷಿಯನ್ ಶಾಸನಗಳಿಗೆ ನಾಗ್ಪುರದಲ್ಲಿದೆ. ಹೈದರಾಬಾದ್ ತಾರ್ನಾಕದ ರಾಜ್ಯ ಪತ್ರಾಗಾರದಲ್ಲಿ ಮೊಘಲ್ ಕಾಲದ ಪರ್ಷಿಯನ್ ಕಾಗದಗಳೇ ಲಕ್ಷಕ್ಕೂ ಹೆಚ್ಚಿವೆ. ಮದ್ರಸದಲ್ಲಿ ಅರಬಿ ಲಿಪಿ ಕಲಿತು, ಮನೆಯಲ್ಲಿ ಉರ್ದು ಓದುವ ಹುಡುಗಿಗೆ ಪರ್ಷಿಯನ್ ಲಿಪಿ ಅಪರಿಚಿತ ಅಲ್ಲ. ಬೇರೆಯವರು ಎಂಎ ಆದಮೇಲೆ ಅಕ್ಷರದಿಂದ ಶುರು ಮಾಡುವ ಕೆಲಸದಲ್ಲಿ ಆಕೆ ಅರ್ಧ ದಾರಿ ಮೊದಲೇ ನಡೆದಿರುತ್ತಾಳೆ. ನಮ್ಮ ಕರಾವಳಿಯ ಮಕ್ಕಳಿಗೂ ಇದು ಅನ್ವಯಿಸುತ್ತದೆ, ಯಾರೂ ಹೇಳಿಕೊಡಲ್ಲ ಅಷ್ಟೆ.

ಇಲ್ಲಿ ಬಿಎಸ್ಸಿಗೂ ಒಂದು ಒಳದಾರಿ ಇದೆ. ಹಳೆ ಗೋಡೆಚಿತ್ರ, ಕಲ್ಲು, ಲೋಹದ ಮೂರ್ತಿಗಳನ್ನು ಕೆಡದಂತೆ ಕಾಪಾಡೋದು ಕೆಮಿಸ್ಟ್ರಿ ಗೊತ್ತಿದ್ದವರ ಕೆಲಸ. ಪುರಾತತ್ವ ಇಲಾಖೆಯ ವಿಜ್ಞಾನ ಶಾಖೆ ಡೆಹ್ರಾಡೂನ್‌ನಲ್ಲಿದೆ, ಸಂರಕ್ಷಣೆಯ ರಾಷ್ಟ್ರೀಯ ಪ್ರಯೋಗಾಲಯ ಲಖನೌದಲ್ಲಿದೆ. ಕೆಮಿಸ್ಟ್ರಿಯೂ ಹಿಸ್ಟರಿಯೂ ಎರಡೂ ನಿಜವಾಗಿ ಇಷ್ಟ ಇರುವ ವಿದ್ಯಾರ್ಥಿಗೆ ಬಿಎಸ್ಸಿ, ಎಂಎಸ್ಸಿ ಮಾಡಿ ಆ ಕಡೆ ಹೋಗೋದು ಬಿಎಗಿಂತ ಒಳ್ಳೆಯ ಯೋಜನೆ.

ನಮ್ಮ ಉದಾಹರಣೆಯ ಹುಡುಗಿಗೆ ಇದು ಹೊಂದಲ್ಲ. ಆಕೆಗೆ ಎರಡನೇ ವರ್ಷದ ಮ್ಯಾಥ್ಸ್, ಫಿಸಿಕ್ಸೇ ಕಷ್ಟ ಆಗಿದೆ. ಬಿಎಸ್ಸಿಯಲ್ಲಿ ಅದೇ ವಿಷಯಗಳು ಇನ್ನೂ ಗಟ್ಟಿಯಾಗಿ ಬರುತ್ತವೆ. ಭಯದಿಂದ ಬಿಎಸ್ಸಿ ಸೇರಿದವರಲ್ಲಿ ಸಾಮಾನ್ಯವಾಗಿ ಆಗೋದು ಇದು: ಮೊದಲ ಸೆಮಿಸ್ಟರಿನಲ್ಲಿ ಎರಡು ಬ್ಯಾಕ್‌ಲಾಗ್, ಮೂರನೇ ಸೆಮಿಸ್ಟರಿಗೆ ನಾಲ್ಕು, ಮೂರು ವರ್ಷದ ಡಿಗ್ರಿಗೆ ನಾಲ್ಕೂವರೆ ವರ್ಷ, ಕೊನೆಗೆ ಬಿಎಡ್‌ಗೆ ಬೇಕಾದ ಮಾರ್ಕ್ಸೂ ಇಲ್ಲ. ಆಗ ಫ್ಯಾಕ್ಟರಿಗೂ ಆಗಲ್ಲ, ಶಾಲೆಗೂ ಆಗಲ್ಲ. ಹಾಗಾಗಿ ಆಕೆಗೆ ನನ್ನ ಲೆಕ್ಕದಲ್ಲಿ ಬಿಎ ಸರಿ, ಹಿಸ್ಟರಿ ಜೊತೆ ಎಕನಾಮಿಕ್ಸ್ ಮತ್ತು ಪೊಲಿಟಿಕಲ್ ಸೈನ್ಸ್. ಅದೇ ಹುಡುಗಿ ಮ್ಯಾಥ್ಸ್‌ನಲ್ಲಿ 75ಕ್ಕೆ 65 ತೆಗೆದಿದ್ದರೆ ನನ್ನ ಉತ್ತರ ಬೇರೆ: ಬಿಎಸ್ಸಿ ಮಾಡಿ, ಬಿಎಡ್‌ನಲ್ಲಿ ಮ್ಯಾಥ್ಸ್ ತಗೊಂಡು ಕೆಲಸ ಹಿಡಿದು, ಹಿಸ್ಟರಿ ಎಂಎಯನ್ನು ಆಮೇಲೆ ಮಾಡಿಕೊಳ್ಳಬಹುದು.

ಹಿಸ್ಟರಿ ಇಷ್ಟ ಅನ್ನೋದು ನಿಜವಾ ಅಂತಲೂ ನೋಡಬೇಕು. ಸೀರಿಯಲ್, ಯೂಟ್ಯೂಬ್ ನೋಡಿ ಬಂದ ಇಷ್ಟ ಬೇರೆ. ಡಿಗ್ರಿಯಲ್ಲಿ ಭೂಕಂದಾಯ, ವ್ಯಾಪಾರ, ಆಡಳಿತದ ಬಗ್ಗೆ ಪುಟಗಟ್ಟಲೆ ಓದಿ, ಪರೀಕ್ಷೆಯಲ್ಲಿ ಕೈ ನೋಯುವಷ್ಟು ಬರೆಯಬೇಕು. ಸೀನಿಯರ್ ಒಬ್ಬರಿಂದ ಬಿಎ ಮೊದಲ ವರ್ಷದ ಪುಸ್ತಕ ತಂದು ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿಟ್ಟು ಎರಡು ಪುಟ ಬರೆಯಲು ಹೇಳಿ. ಬೇಜಾರಿಲ್ಲದೆ ಬರೆದರೆ ಸರಿ. ಇಡೀ ವಾರ ಮುಂದೂಡಿದರೆ ಅದೂ ಒಂದು ಉತ್ತರವೇ.

ಸೇರುವ ಕ್ರಮ ಸುಲಭ. ತೆಲಂಗಾಣದಲ್ಲಿ ಡಿಗ್ರಿ ಸೀಟು "ದೋಸ್ತ್" ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಸಿಗುತ್ತದೆ, ವಿಳಾಸ dost.cgg.gov.in. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಕೈಯಲ್ಲಿರಬೇಕು. ರಿಜಿಸ್ಟರ್ ಮಾಡಿ, ಕಾಲೇಜು ಮತ್ತು ಕೋರ್ಸನ್ನು ಇಷ್ಟದ ಕ್ರಮದಲ್ಲಿ ಹಾಕಬೇಕು. ಕ್ರಮ ಬಹಳ ಮುಖ್ಯ. ಭಯಕ್ಕೆ ಬಿಎಸ್ಸಿಯನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ. ಸೀಟು ಬಂದ ಮೇಲೆ ಮನಸ್ಸು ಬದಲಾದರೆ ಮುಂದಿನ ಹಂತಗಳಲ್ಲಿ ಬದಲಿಸಬಹುದು, ಎಲ್ಲ ಹಂತ ಮುಗಿದ ಮೇಲೂ ಅದೇ ಕಾಲೇಜಿನ ಒಳಗೆ ಕೋರ್ಸ್ ಬದಲಿಸಲು ಒಂದು ಕೊನೆಯ ಅವಕಾಶ ಇರುತ್ತದೆ. ಆಪ್ಶನ್ ಹಾಕುವ ಮೊದಲು ಕಾಲೇಜಿಗೆ ಹೋಗಿ ಎರಡು ವಿಷಯ ಕೇಳಿ. ವೆಬ್‌ಸೈಟಿನಲ್ಲಿ ಇರುವ ಹಿಸ್ಟರಿ ಕಾಂಬಿನೇಶನ್ ಕಳೆದ ವರ್ಷ ನಿಜವಾಗಿ ನಡೆದಿತ್ತಾ? ಸೇರುವವರು ತೀರಾ ಕಡಿಮೆ ಆದರೆ ಆ ಸೆಕ್ಷನ್ ನಿಲ್ಲಿಸಿ ಬೇರೆಯದಕ್ಕೆ ಹಾಕುತ್ತಾರೆ. ಹಿಸ್ಟರಿ ಜೊತೆಗೆ ಎರಡನೆಯ ಸಮಾಜ ವಿಷಯ ಇದೆಯಾ, ಅಥವಾ ಕಂಪ್ಯೂಟರ್ ಮತ್ತು ಭಾಷೆ ಹಾಕಿ ತುಂಬಿಸಿದ್ದಾರಾ? ಎರಡನೆಯ ಸಮಾಜ ವಿಷಯ ಇಲ್ಲದ ಬಿಎಯಿಂದ ಸೋಶಿಯಲ್ ಟೀಚರ್ ಹುದ್ದೆ ಸಿಗಲ್ಲ, ಇದು ಗೊತ್ತಾಗೋದು ಐದು ವರ್ಷ ಆದಮೇಲೆ.

ಫೀಸಿನ ವಿಷಯ. ಫೀಸು ಮರುಪಾವತಿ ಮತ್ತು ಸ್ಕಾಲರ್‌ಶಿಪ್‌ಗೆ ಇ-ಪಾಸ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಬಿಸಿ ಮತ್ತು ಅಲ್ಪಸಂಖ್ಯಾತರಿಗೆ ಮನೆಯ ವಾರ್ಷಿಕ ಆದಾಯ ಹಳ್ಳಿಯಲ್ಲಿ ಒಂದೂವರೆ ಲಕ್ಷ, ಪಟ್ಟಣದಲ್ಲಿ ಎರಡು ಲಕ್ಷ ದಾಟಿರಬಾರದು. ಹಾಜರಾತಿ ಶೇ.75 ಇಲ್ಲದಿದ್ದರೆ ದುಡ್ಡು ನಿಲ್ಲುತ್ತದೆ. ತೆಲಂಗಾಣದಲ್ಲಿ ಮುಸ್ಲಿಮರ ಕೆಲವು ಗುಂಪುಗಳಿಗೆ ಬಿಸಿ-ಇ ಅಡಿಯಲ್ಲಿ ಶೇ.4 ಮೀಸಲಾತಿ ಇದೆ, ಎಲ್ಲರಿಗೂ ಅಲ್ಲ. ಪಟ್ಟಿಯಲ್ಲಿ ತಮ್ಮ ಗುಂಪು ಇದೆಯಾ ಅಂತ ನೋಡಿ ತಹಶೀಲ್ದಾರ್ ಕಚೇರಿಯ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು. ಜಾತಿ ಮತ್ತು ಆದಾಯದ ಈ ಎರಡು ಕಾಗದಗಳಿಗೆ ಮೀ-ಸೇವಾದಲ್ಲಿ ಅರ್ಜಿ ಹಾಕಿ, ದೋಸ್ತ್ ರಿಜಿಸ್ಟ್ರೇಶನ್ ಶುರುವಾಗುವ ಮೊದಲೇ ಕೈಯಲ್ಲಿ ಇಟ್ಟುಕೊಂಡರೆ ಆಪ್ಶನ್ ಹಾಕುವ ವಾರದಲ್ಲಿ ಓಡಾಟ ಇರಲ್ಲ.